ಮದರಂಗಿ ಬುಕಿಂಗ್ ಕ್ಯಾಲೆಂಡರ್‌ನ ಕ್ಯಾಪ್ಷನ್: ಸ್ಲಾಟ್, ಪ್ರಯಾಣ ವೆಚ್ಚ ಮತ್ತು ಮುಂಗಡದ ಷರತ್ತು ಬರೆಯುವ ಕ್ರಮ

ಮದುವೆ ಸೀಸನ್ ಹತ್ತಿರ ಬಂದಂತೆ ಉಡುಪಿ, ಮಂಗಳೂರು ಕಡೆಯ ಮೆಹಂದಿ ಕಲಾವಿದೆಯರು ಇನ್‌ಸ್ಟಾಗ್ರಾಂನಲ್ಲಿ ಖಾಲಿ ದಿನಗಳ ಕ್ಯಾಲೆಂಡರ್ ಹಾಕುತ್ತಾರೆ. ಚಿತ್ರ ಅಂದವಾಗಿರುತ್ತದೆ, ಕೆಳಗಿನ ಕ್ಯಾಪ್ಷನ್ ಮಾತ್ರ "ನವೆಂಬರ್ ಡೇಟ್ಸ್ ಓಪನ್, ಡಿಎಂ ಮಾಡಿ" ಎಂಬಲ್ಲಿಗೆ ಮುಗಿದಿರುತ್ತದೆ. ಆಮೇಲೆ ಬರುವ ಜಗಳಗಳು ಹೆಚ್ಚುಕಡಿಮೆ ಒಂದೇ ರೀತಿಯವು. ಮದುವೆಯ ದಿನವನ್ನು ಮದರಂಗಿಯ ದಿನವೆಂದು ಬರೆದುಕೊಂಡಿರುತ್ತಾರೆ, ಎರಡು ಸಲ ಹೋಗಿಬಂದ ಖರ್ಚನ್ನು ಒಂದೇ ಸಲಕ್ಕೆ ಕೊಡುತ್ತೇವೆ ಎನ್ನುತ್ತಾರೆ, ಸೂತಕ ಬಂದು ಮದುವೆ ಮುಂದೆ ಹೋದಾಗ ಮುಂಗಡ ಯಾರದು ಎಂಬುದು ತೀರ್ಮಾನವಾಗುವುದಿಲ್ಲ. ಈ ಮೂರೂ ಸಮಸ್ಯೆಗಳಿಗೆ ಉತ್ತರವನ್ನು ಕ್ಯಾಪ್ಷನ್‌ನಲ್ಲೇ ಬರೆದಿಡಲು ಸಾಧ್ಯವಿದೆ. ಆದರೆ ಬರೆಯಲು ಕುಳಿತ ಮೇಲೆ ದರ ಯೋಚಿಸಿದರೆ ಅದು ಆಗುವುದಿಲ್ಲ. ಲೆಕ್ಕ ಮೊದಲು, ಬರವಣಿಗೆ ಆಮೇಲೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದ್ದೇನೆ.

## ಮೊದಲು ಕೈಯಲ್ಲಿ ಇರಬೇಕಾದವು

ಗೋಡೆಗೆ ತೂಗುಹಾಕುವ ಪಂಚಾಂಗದ ಕ್ಯಾಲೆಂಡರ್ ಒಂದು, ನೀವು ಈಗಾಗಲೇ ಒಪ್ಪಿಕೊಂಡಿರುವ ಕೆಲಸಗಳ ಪಟ್ಟಿ, ಫೋನಿನಲ್ಲಿ ಮ್ಯಾಪ್ ಮತ್ತು ನೋಟ್ಸ್ ಆ್ಯಪ್ ಇದ್ದರೆ ಸಾಕು. ಕ್ಯಾಪ್ಷನ್ ಅನ್ನು ನೇರವಾಗಿ ಇನ್‌ಸ್ಟಾಗ್ರಾಂನಲ್ಲಿ ಟೈಪ್ ಮಾಡದೆ ನೋಟ್ಸ್‌ನಲ್ಲಿ ಬರೆದು ಅಂಟಿಸಿ. ಮುಂದಿನ ತಿಂಗಳಿಗೂ ಅದೇ ಅಚ್ಚು ಬಳಕೆಗೆ ಬರುತ್ತದೆ, ವಾಟ್ಸಾಪ್‌ನಲ್ಲಿ ವಿಚಾರಿಸುವವರಿಗೂ ಅದನ್ನೇ ಕಳುಹಿಸಬಹುದು.

## ಹಂತ 1: ಒಂದು ಸ್ಲಾಟ್ ಎಂದರೆ ಏನು ಎಂದು ನಿಶ್ಚಯಿಸಿ

"ಬೆಳಿಗ್ಗೆ ಒಂದು, ಸಂಜೆ ಒಂದು" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಸ್ಲಾಟ್‌ಗೆ ಆರಂಭದ ಸಮಯ, ಮುಗಿಯುವ ಸಮಯ ಮತ್ತು ಅಷ್ಟರಲ್ಲಿ ಆಗುವ ಕೆಲಸ ಎಂಬ ಮೂರು ವಿವರಗಳು ಇರಲೇಬೇಕು. ವಧುವಿನ ಎರಡೂ ಕೈಗಳಿಗೆ ಮೊಣಕೈವರೆಗೆ, ಎರಡೂ ಬದಿ, ಜೊತೆಗೆ ಪಾದಗಳಿಗೆ ತುಂಬು ವಿನ್ಯಾಸ ಹಾಕಲು ಒಬ್ಬ ಕಲಾವಿದೆಗೆ ಐದಾರು ಗಂಟೆ ಹಿಡಿಯುತ್ತದೆ. ನಡುವೆ ವಧು ಊಟಕ್ಕೆ ಎದ್ದರೆ ಇನ್ನೂ ಸ್ವಲ್ಪ ಹೆಚ್ಚು. ಹಾಗಾಗಿ ವಧುವಿನ ಸ್ಲಾಟ್ ಇರುವ ದಿನ ಸಂಜೆ ಬೇರೆ ಊರಿನಲ್ಲಿ ಇನ್ನೊಂದು ಸ್ಲಾಟ್ ಇಡುವುದನ್ನು ನಾನು ಒಪ್ಪುವುದಿಲ್ಲ. ಮೊದಲನೆಯದು ಒಂದು ಗಂಟೆ ತಡವಾದರೂ ಎರಡನೆಯ ಮನೆಯವರು ಕಾಯುತ್ತಾ ಕೂರಬೇಕಾಗುತ್ತದೆ.

ಅತಿಥಿಗಳ ಸ್ಲಾಟ್‌ನಲ್ಲಿ ತೊಂದರೆ ಬರುವುದು ಕೈಗಳ ಲೆಕ್ಕದಿಂದ. "ಇಪ್ಪತ್ತು ಜನ ಇದ್ದಾರೆ" ಎಂದು ಮನೆಯವರು ಹೇಳಿದಾಗ ಕಲಾವಿದೆ ಇಪ್ಪತ್ತು ಅಂಗೈಗಳನ್ನು ಎಣಿಸಿಕೊಂಡಿರುತ್ತಾರೆ. ಅಲ್ಲಿಗೆ ಹೋದರೆ ಪ್ರತಿಯೊಬ್ಬರೂ ಅಂಗೈ ಮುಗಿದ ಮೇಲೆ ಕೈ ತಿರುಗಿಸಿ ಹಿಂಬದಿ ಚಾಚುತ್ತಾರೆ, ಆಮೇಲೆ ಇನ್ನೊಂದು ಕೈ. ಇಪ್ಪತ್ತು ಎಂದದ್ದು ಎಂಬತ್ತಾಗುವುದು ಹೀಗೆ. ಆದ್ದರಿಂದ "ಒಂದು ಕೈಯ ಒಂದು ಬದಿಯನ್ನು ಒಂದು ಎಂದು ಎಣಿಸಲಾಗುತ್ತದೆ" ಎಂಬ ವಾಕ್ಯ ಕ್ಯಾಪ್ಷನ್‌ನಲ್ಲಿ ಇರಲಿ. ಸರಳ ಬಳ್ಳಿ ವಿನ್ಯಾಸಕ್ಕೆ ಸುಮಾರು 12 ನಿಮಿಷ ಹಿಡಿದರೆ ಮೂರು ಗಂಟೆಯಲ್ಲಿ 15 ಆಗುತ್ತದೆ. ನಿಮ್ಮ ಕೈ ವೇಗ ಬೇರೆಯಿದ್ದರೆ ಗಡಿಯಾರ ಇಟ್ಟು ನೋಡಿ, ನಿಮ್ಮದೇ ಸಂಖ್ಯೆ ಬರೆಯಿರಿ.

## ಹಂತ 2: ಮದುವೆಯ ದಿನದಿಂದ ಹಿಂದಕ್ಕೆ ಎಣಿಸಿ

ಇಡೀ ಪೋಸ್ಟ್ ಕೆಡುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ.

ಮದರಂಗಿಯ ಬಣ್ಣ ತಕ್ಷಣ ಏರುವುದಿಲ್ಲ. ಒಣಗಿದ ಲೇಪವನ್ನು ಆರೆಂಟು ಗಂಟೆ ಕೈಮೇಲೆ ಉಳಿಸಿಕೊಂಡು ಕೆರೆದು ತೆಗೆದಾಗ ಕಿತ್ತಳೆ ಬಣ್ಣ ಕಾಣುತ್ತದೆ. ಅದು ಕಡು ಕಂದುಗೆಂಪಿಗೆ ತಿರುಗಲು ಇನ್ನೂ ಒಂದರಿಂದ ಎರಡು ದಿನ ಬೇಕು. ಕೆರೆದ ಮೊದಲ ದಿನ ನೀರು ತಾಗಿದರೆ ಬಣ್ಣ ತೆಳುವಾಗಿಯೇ ನಿಲ್ಲುವ ಸಾಧ್ಯತೆ ಹೆಚ್ಚು. ನಮ್ಮ ಕಡೆ ಮೆಹಂದಿ ಕಾರ್ಯಕ್ರಮ ನಡೆಯುವುದು ಸಾಮಾನ್ಯವಾಗಿ ಮದುವೆಯ ಹಿಂದಿನ ಸಂಜೆ. ಆ ಸಂಜೆ ಏಳಕ್ಕೆ ವಧುವಿನ ಕೈಗೆ ಹಾಕಲು ಕುಳಿತರೆ ಮುಗಿಯುವುದು ಮಧ್ಯರಾತ್ರಿ ದಾಟಿದ ಮೇಲೆ, ಬೆಳಗಾದರೆ ಎಣ್ಣೆ, ಅರಸಿನ, ಸ್ನಾನ. ಹಾಗೆ ಮುಹೂರ್ತದ ಹೊತ್ತಿಗೆ ಫೋಟೋದಲ್ಲಿ ಕಿತ್ತಳೆ ಕೈಗಳು ಬರುತ್ತವೆ, "ಕೋನ್ ಚೆನ್ನಾಗಿಲ್ಲ" ಎಂಬ ಮಾತು ಕಲಾವಿದೆಯ ಮೇಲೆ ಬೀಳುತ್ತದೆ.

ಹೀಗಾಗಿ ವಧುವಿನ ಸ್ಲಾಟ್ ಅನ್ನು ಮದುವೆಗೆ ಎರಡು ದಿನ ಮೊದಲು ಇಡಿ, ಕಾರ್ಯಕ್ರಮದ ಸಂಜೆಯನ್ನು ಅತಿಥಿಗಳಿಗಾಗಿ ಪ್ರತ್ಯೇಕ ಸ್ಲಾಟ್ ಮಾಡಿ. ಮದುವೆ ಭಾನುವಾರ ಇದ್ದರೆ ವಧುವಿಗೆ ಶುಕ್ರವಾರ ಹಗಲು, ಅತಿಥಿಗಳಿಗೆ ಶನಿವಾರ ಸಂಜೆ. ಕ್ರೈಸ್ತ ವಧುಗಳ ವಿಷಯದಲ್ಲಿ ಮದುವೆಯಿಂದ ಎಣಿಸದೆ ಅದಕ್ಕೆ ಮೊದಲು ನಡೆಯುವ ರೋಸ್ ಶಾಸ್ತ್ರದಿಂದ ಹಿಂದಕ್ಕೆ ಎಣಿಸಬೇಕು, ಏಕೆಂದರೆ ರೋಸ್‌ನಲ್ಲಿ ತೆಂಗಿನ ಹಾಲು ಹಚ್ಚಿ ಸ್ನಾನ ಮಾಡಿಸುವಾಗ ಹಸಿ ಬಣ್ಣ ತೊಳೆದುಹೋಗುತ್ತದೆ. ರೋಸ್‌ಗೆ ಕನಿಷ್ಠ ಒಂದು ಪೂರ್ಣ ದಿನ ಮೊದಲೇ ಕೆಲಸ ಮುಗಿದಿರಲಿ.

ಈಗ ಕ್ಯಾಲೆಂಡರ್ ತೆಗೆದುಕೊಂಡು, ನೀವು ಮನೆಯಿಂದ ಹೊರಟು ಮದರಂಗಿ ಹಾಕಲು ಸಿದ್ಧವಿರುವ ದಿನಗಳಿಗೆ ಮಾತ್ರ ಸುತ್ತು ಹಾಕಿ. ಮದುವೆಗಳು ಹೆಚ್ಚಿರುವ ದಿನಗಳಿಗೆ ಸುತ್ತು ಹಾಕಬೇಡಿ. ವಿಚಾರಿಸುವವರು "ಅಕ್ಕ, 15ಕ್ಕೆ ನಿಮ್ಮ ಡೇಟ್ ಉಂಟಾ?" ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಮದುವೆಯ ದಿನ. ನೀವು 15ನ್ನು ಕಾದಿರಿಸಿಕೊಂಡರೆ ಅವರಿಗೆ ಬೇಕಾದ 13 ಅಷ್ಟರಲ್ಲಿ ಬೇರೆಯವರ ಪಾಲಾಗಿರುತ್ತದೆ. ಕ್ಯಾಪ್ಷನ್‌ನ ಎರಡನೆಯ ವಾಕ್ಯವೇ "ಇವು ಮದರಂಗಿ ಹಾಕುವ ದಿನಗಳು, ಮದುವೆಯ ದಿನಗಳಲ್ಲ" ಎಂದಿರಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

## ಹಂತ 3: ಪ್ರಯಾಣ ವೆಚ್ಚವನ್ನು ಊರುಗಳ ಹೆಸರಿನಲ್ಲಿ ಕಟ್ಟಿ

"ಪ್ರಯಾಣ ವೆಚ್ಚ ಪ್ರತ್ಯೇಕ" ಎಂಬ ಎರಡು ಮೂರು ಪದಗಳು ಯಾರಿಗೂ ಉಪಯೋಗವಿಲ್ಲ. ಕಿಲೋಮೀಟರಿಗೆ ಇಷ್ಟು ಎಂದು ಬರೆಯುವುದೂ ಅಷ್ಟೇನೂ ಒಳ್ಳೆಯದಲ್ಲ, ಎಲ್ಲಿಂದ ಎಣಿಸುವುದು, ಹೋಗುವುದು ಮಾತ್ರವೋ ಬರುವುದೂ ಸೇರಿಯೋ ಎಂಬ ಚರ್ಚೆ ಅಲ್ಲಿಂದ ಶುರುವಾಗುತ್ತದೆ. ಓದುವವರಿಗೆ ಬೇಕಾದದ್ದು ತಮ್ಮ ಊರಿನ ಹೆಸರು, ಅದರ ಮುಂದೆ ಒಂದು ಮೊತ್ತ. ಕಿಲೋಮೀಟರ್ ಲೆಕ್ಕ ನಿಮ್ಮ ನೋಟ್ಸ್‌ನಲ್ಲಿ ಇರಲಿ.

ಉದಾಹರಣೆಗೆ ಕಲಾವಿದೆಯ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿದೆ ಎಂದುಕೊಳ್ಳಿ. ಮಣಿಪಾಲ, ಮಲ್ಪೆ ಹತ್ತಿರದವು, ಅವಕ್ಕೆ ವೆಚ್ಚ ಬೇಡ. ಬ್ರಹ್ಮಾವರ ಮತ್ತು ಕಾಪು ಎರಡನೆಯ ವಲಯ. ಪಡುಬಿದ್ರಿ, ಕಾರ್ಕಳ, ಕೋಟೇಶ್ವರ, ಕುಂದಾಪುರ ಮೂರನೆಯದು. ಸುರತ್ಕಲ್ ಮತ್ತು ಮಂಗಳೂರು ನಾಲ್ಕನೆಯದು. ಪ್ರತಿ ವಲಯದ ಮೊತ್ತವನ್ನು ಅದರಲ್ಲಿ ಅತಿ ದೂರದ ಊರಿನಿಂದ ಲೆಕ್ಕ ಹಾಕಿ. ಕುಂದಾಪುರ ಸುಮಾರು 38 ಕಿಲೋಮೀಟರ್, ಹೋಗಿಬರಲು 76. ನಿಮ್ಮ ವಾಹನಕ್ಕೆ ಕಿಲೋಮೀಟರಿಗೆ ₹11 ತಗಲುತ್ತದೆ ಎಂದಾದರೆ ₹836 ಆಯಿತು. ದಾರಿಯಲ್ಲಿ ಸಾಸ್ತಾನದ ಟೋಲ್ ಇದೆ, ಅದನ್ನು ಸೇರಿಸಿ ₹900 ಎಂದು ಇಟ್ಟುಕೊಳ್ಳಬಹುದು. ಮಂಗಳೂರಿನ ಕಡೆಗೆ ಹೆಜಮಾಡಿಯ ಟೋಲ್ ಇದೇ ರೀತಿ ಸೇರಬೇಕು. ಟೋಲ್ ಅನ್ನು ಬೇರೆಯಾಗಿ ಕೇಳಬೇಡಿ. ಒಂದೇ ಮೊತ್ತದೊಳಗೆ ಇದ್ದರೆ ಕೊಡುವವರಿಗೂ ಕಿರಿಕಿರಿ ಇಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಊರಿನ ಹೆಸರು ಮತ್ತು ತಾಲೂಕಿನ ಹೆಸರು ಒಂದೇ ಆಗಿರುವುದು. "ಮನೆ ಕುಂದಾಪುರ" ಎಂದವರ ಮನೆ ಸಿದ್ಧಾಪುರದ ಒಳಗೆ ಇರಬಹುದು, ಅದು ಕುಂದಾಪುರ ಪೇಟೆಯಿಂದ ಮತ್ತೆ ಮೂವತ್ತು ಕಿಲೋಮೀಟರ್ ಆಸುಪಾಸು. "ಪೇಟೆಯಿಂದ 5 ಕಿಲೋಮೀಟರ್ ಒಳಗೆ; ಅದಕ್ಕಿಂತ ದೂರವಿದ್ದರೆ ಲೊಕೇಶನ್ ನೋಡಿ ಮೊತ್ತ ತಿಳಿಸಲಾಗುವುದು" ಎಂದು ಸೇರಿಸಿದರೆ ಈ ಗೊಂದಲ ಇರುವುದಿಲ್ಲ. ಮುಂಗಡ ಪಡೆಯುವ ಮೊದಲೇ ಮನೆಯ ಲೊಕೇಶನ್ ತರಿಸಿಕೊಳ್ಳಿ, ಹಾಲ್‌ನ ಲೊಕೇಶನ್ ಕಳುಹಿಸಿದರೆ ಮದರಂಗಿ ಅಲ್ಲಿಯೇ ನಡೆಯುತ್ತದೆಯೇ ಎಂದು ಕೇಳಿ.

ಎರಡನೆಯದು, "ಪ್ರತಿ ಭೇಟಿಗೆ" ಎಂಬ ಪದ. ವಧುವಿಗೆ ಒಂದು ದಿನ, ಅತಿಥಿಗಳಿಗೆ ಇನ್ನೊಂದು ದಿನ ಎಂದು ನಾವೇ ಭಾಗ ಮಾಡಿದ್ದೇವೆ, ಹಾಗಾಗಿ ಪ್ರಯಾಣವೂ ಎರಡು ಸಲ. ಈ ಪದ ಬಿಟ್ಟುಹೋದರೆ ಮನೆಯವರು ಒಂದೇ ಸಲದ ಮೊತ್ತ ಕೊಡುತ್ತಾರೆ, ಅವರ ದೃಷ್ಟಿಯಲ್ಲಿ ಅದು ಸರಿಯೇ.

ಕೆಲವು ಮನೆಯವರು ಕಾರು ಕಳುಹಿಸುತ್ತೇವೆ ಎನ್ನುತ್ತಾರೆ. ಒಪ್ಪಬಹುದು, ಆದರೆ ಕರೆದೊಯ್ಯುವ ಕಾರು ಸಮಯಕ್ಕೆ ಬರುತ್ತದೆ, ರಾತ್ರಿ ಹತ್ತಕ್ಕೆ ಮರಳಿ ಬಿಡುವ ಹೊತ್ತಿಗೆ ಚಾಲಕ ಹಾಲ್‌ಗೆ ಹೂವು ತರಲು ಹೋಗಿರುತ್ತಾನೆ. ಆ ಹೊತ್ತಿನಲ್ಲಿ ಒಳ ಊರಿನಿಂದ ಬಸ್ಸೂ ಇರುವುದಿಲ್ಲ. ಮರಳಿ ಮನೆಗೆ ಬಿಡುವ ಹೊಣೆಯೂ ಮನೆಯವರದೇ ಎಂದು ಬರೆದಿಡಿ.

## ಹಂತ 4: ಮುಂಗಡದ ಷರತ್ತುಗಳನ್ನು ತೀರ್ಮಾನಿಸಿ

ಮುಂಗಡದ ಬಗ್ಗೆ ಐದು ಪ್ರಶ್ನೆಗಳಿಗೆ ಉತ್ತರ ಬೇಕು: ಎಷ್ಟು, ಯಾವಾಗ ದಿನ ಖಚಿತವಾಗುತ್ತದೆ, ರದ್ದಾದರೆ ಏನು, ದಿನ ಬದಲಾದರೆ ಏನು, ಕಲಾವಿದೆಯೇ ಬರಲಾಗದಿದ್ದರೆ ಏನು. ಕೊನೆಯದನ್ನು ಬಹುತೇಕ ಯಾರೂ ಬರೆಯುವುದಿಲ್ಲ. ಹಣ ಕೊಡುವ ತಂದೆತಾಯಿಗೆ ಇರುವ ದೊಡ್ಡ ಅಳುಕು ಅದೇ ಆಗಿರುವುದರಿಂದ, "ನಾನು ಬರಲಾಗದಿದ್ದರೆ ಪೂರ್ತಿ ಮುಂಗಡ ಮರಳಿ" ಎಂಬ ಒಂದು ಸಾಲು ಉಳಿದ ಷರತ್ತುಗಳನ್ನು ಒಪ್ಪಿಸಲು ಬಹಳ ನೆರವಾಗುತ್ತದೆ.

ಮೊತ್ತವನ್ನು ನಿಮಗೆ ಆಗಬಹುದಾದ ನಷ್ಟಕ್ಕೆ ಹೊಂದಿಸಿ. ವಧುವಿನ ಕೆಲಸ ₹6,500 ಆಗಿದ್ದರೆ ₹2,000 ಮುಂಗಡ ಸಮಂಜಸ. ಪೂರ್ತಿ ಹಣ ಮೊದಲೇ ಪಡೆದು "ಯಾವುದೇ ಕಾರಣಕ್ಕೂ ಮರಳಿಸುವುದಿಲ್ಲ" ಎಂದು ಬರೆಯುವುದು ಅನ್ಯಾಯ, ಕಾನೂನಿನ ಮುಂದೆಯೂ ಅದು ಗಟ್ಟಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಮಾತು ಮುರಿದಾಗ ಸಿಗುವುದು ಸಮಂಜಸ ಪರಿಹಾರ. ಕರಾರಿನಲ್ಲಿ ಬರೆದ ಮೊತ್ತ ಅದಕ್ಕೆ ಮೇಲ್ಮಿತಿ ಮಾತ್ರ. ತಿಂಗಳ ಮೊದಲೇ ರದ್ದು ಮಾಡಿದವರ ದಿನ ಮತ್ತೆ ತುಂಬುವ ಸಾಧ್ಯತೆ ಇದೆ, ಅವರಿಗೆ ಅರ್ಧ ಮರಳಿಸಿ. ಆಮೇಲೆ ರದ್ದು ಮಾಡಿದರೆ ಆ ದಿನ ಖಾಲಿಯೇ ಉಳಿಯುತ್ತದೆ, ಆಗ ಮುಂಗಡ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ.

ದಿನ ಬದಲಾವಣೆ ಬೇರೆ ವಿಷಯ, ಅದನ್ನು ರದ್ದತಿಯ ಜೊತೆ ಬೆರೆಸಬೇಡಿ. ನಮ್ಮಲ್ಲಿ ಮದುವೆ ಮುಂದೆ ಹೋಗುವುದಕ್ಕೆ ಸಾಮಾನ್ಯ ಕಾರಣ ಸೂತಕ. ಸಾವಿನ ಮನೆಯವರೊಡನೆ ಎರಡು ಸಾವಿರ ರೂಪಾಯಿಯ ಚರ್ಚೆ ಮಾಡುವ ಸಂದರ್ಭ ಯಾರಿಗೂ ಬರಬಾರದು. "ಸೂತಕ ಮೊದಲಾದ ಕಾರಣಕ್ಕೆ ದಿನ ಬದಲಾದರೆ ಒಂದು ಸಲ ಅದೇ ಮುಂಗಡ ಹೊಸ ದಿನಕ್ಕೆ ಅನ್ವಯ; ಆ ದಿನ ನನ್ನಲ್ಲಿ ಖಾಲಿ ಇಲ್ಲದಿದ್ದರೆ ಪೂರ್ತಿ ಮರಳಿ" ಎಂದು ಮೊದಲೇ ಬರೆದಿದ್ದರೆ ಫೋನ್‌ನಲ್ಲಿ ಸಾಂತ್ವನ ಹೇಳಿ ಮಾತು ಮುಗಿಸಬಹುದು.

ದಿನ ಖಚಿತವಾಗುವುದು ಸಂದೇಶ ಬಂದಾಗಲ್ಲ, ಹಣ ಖಾತೆಗೆ ಸೇರಿದಾಗ. ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಸುಲಭವಾಗಿ ತಿದ್ದಬಹುದಾದ ಚಿತ್ರ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು, ಮೊತ್ತ ಮತ್ತು 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆ ತಾಳೆಯಾದ ಮೇಲೆ ಮಾತ್ರ "ಖಚಿತ" ಎಂದು ಉತ್ತರಿಸಿ. ಕ್ಯೂಆರ್ ಕೋಡ್ ಅನ್ನು ಪೋಸ್ಟ್‌ನ ಚಿತ್ರದಲ್ಲಿ ಹಾಕಬೇಡಿ, ನಿಮ್ಮ ಚಿತ್ರ ನಕಲು ಮಾಡಿ ತಮ್ಮ ಕೋಡ್ ಅಂಟಿಸುವವರಿಗೆ ಅದು ದಾರಿ ಮಾಡಿಕೊಡುತ್ತದೆ. ಚಾಟ್‌ನಲ್ಲಿ ಕಳುಹಿಸಿ, ಪಾವತಿ ಮಾಡುವಾಗ ಪರದೆಯ ಮೇಲೆ ಯಾವ ಹೆಸರು ಕಾಣಬೇಕು ಎಂಬುದನ್ನೂ ಜೊತೆಗೆ ತಿಳಿಸಿ.

ಬಾಕಿ ಹಣದ ಸಮಯವನ್ನು ಬರೆಯಲು ಮರೆಯಬೇಡಿ. ಕೆಲಸ ಮುಗಿದ ಮೇಲೆ ಕೊಡುವುದು ಎಂದರೆ ವಧುವಿನ ಎರಡೂ ಕೈಗಳಲ್ಲಿ ಹಸಿ ಮದರಂಗಿ, ಹಣ ಇರುವುದು ಅವಳ ಫೋನಿನಲ್ಲಿ, ಪಿನ್ ಒತ್ತಲು ಬೆರಳಿಲ್ಲ. ತಂದೆ ಹಾಲ್‌ನಲ್ಲಿ, ಅಣ್ಣ ಫೋನ್ ಎತ್ತುವುದಿಲ್ಲ. ಕಲಾವಿದೆ ಚೀಲ ಹೆಗಲಿಗೆ ಹಾಕಿಕೊಂಡು ಚಾವಡಿಯಲ್ಲಿ ನಿಂತಿರಬೇಕಾಗುತ್ತದೆ. "ಬಾಕಿ ಹಣ ಮದರಂಗಿ ಆರಂಭಿಸುವ ಮೊದಲು" ಎಂದು ಬರೆದರೆ ಇದಾವುದೂ ಆಗುವುದಿಲ್ಲ.

## ಹಂತ 5: ಈಗ ಕ್ಯಾಪ್ಷನ್ ಬರೆಯಿರಿ

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಮಿತಿ ಇದೆ, ಅದರಲ್ಲಿ ಮೊದಲಿನ ಸುಮಾರು 125 ಮಾತ್ರ ಒತ್ತಿ ತೆರೆಯದೆಯೇ ಕಾಣುತ್ತವೆ. ಕನ್ನಡದಲ್ಲಿ ಈ ಲೆಕ್ಕ ಬೇಗ ಮುಗಿಯುತ್ತದೆ, ಏಕೆಂದರೆ ಒತ್ತಕ್ಷರ ಮತ್ತು ಕಾಗುಣಿತದ ಚಿಹ್ನೆಗಳು ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. "ಸ್ಲಾ" ಎಂಬ ಒಂದು ಅಕ್ಷರಕ್ಕೆ ನಾಲ್ಕು ಸ್ಥಾನ ಬೇಕು. ಹಾಗಾಗಿ ಮೊದಲ ಸಾಲಿನಲ್ಲಿ ಶುಭಾಶಯ, ಹೂವಿನ ಚಿಹ್ನೆ, "ಸಂತೋಷದ ಸುದ್ದಿ" ಇವಕ್ಕೆ ಜಾಗವಿಲ್ಲ. ತಿಂಗಳು, ವರ್ಷ, ಊರು, ದಿನಗಳ ಅರ್ಥ, ಎಷ್ಟು ಖಾಲಿ ಇವೆ ಎಂಬುದಷ್ಟೇ ಇರಲಿ. ವರ್ಷವನ್ನು ಬಿಡಬೇಡಿ, ಯಾರೋ ಹಂಚಿಕೊಂಡ ಹಳೆಯ ಪೋಸ್ಟ್ ಮುಂದಿನ ಸೀಸನ್‌ನಲ್ಲಿ ಮತ್ತೆ ತಿರುಗುತ್ತಿರುತ್ತದೆ.

ಅನಂತರದ ಕ್ರಮ ಹೀಗೆ: ದಿನಗಳು, ಸ್ಲಾಟ್‌ನಲ್ಲಿ ಏನು ಸೇರಿದೆ ಮತ್ತು ದರ, ಪ್ರಯಾಣ, ಮುಂಗಡ, ಬದಲಾವಣೆ ಮತ್ತು ರದ್ದತಿ, ಕೊನೆಗೆ ವಿಚಾರಿಸುವವರು ಏನನ್ನು ಕಳುಹಿಸಬೇಕು ಎಂಬುದು. ಓದುವವರು ಯೋಚಿಸುವುದೂ ಇದೇ ಅನುಕ್ರಮದಲ್ಲಿ. ದಿನವೇ ಖಾಲಿ ಇಲ್ಲದಿದ್ದರೆ ದರ ತಿಳಿದು ಅವರಿಗೆ ಪ್ರಯೋಜನವಿಲ್ಲ. ಕುಂಜಿಬೆಟ್ಟಿನ ಕಲಾವಿದೆಯ ಕ್ಯಾಪ್ಷನ್ ಹೀಗಿರಬಹುದು. ದರಗಳು ಉದಾಹರಣೆಗಾಗಿ, ನಿಮ್ಮವನ್ನು ನೀವು ಹಾಕಿಕೊಳ್ಳಿ.

> ಮದರಂಗಿ ಬುಕಿಂಗ್, ನವೆಂಬರ್ 2026, ಉಡುಪಿ. ಇವು ಮದರಂಗಿ ಹಾಕುವ ದಿನಗಳು, ಮದುವೆಯ ದಿನಗಳಲ್ಲ. ವಧುವಿಗೆ 4 ದಿನ, ಅತಿಥಿಗಳಿಗೆ 3 ಸಂಜೆ ಖಾಲಿ.
>
> ವಧು (ಬೆಳಿಗ್ಗೆ 10ರಿಂದ ಸಂಜೆ 4): ನ. 5 ಗುರುವಾರ, ನ. 13 ಶುಕ್ರವಾರ, ನ. 20 ಶುಕ್ರವಾರ, ನ. 26 ಗುರುವಾರ. ಬಣ್ಣ ಏರಲು ಮದುವೆಗೆ ಎರಡು ದಿನ ಮೊದಲಿನ ದಿನ ಆರಿಸಿಕೊಳ್ಳಿ.
>
> ಅತಿಥಿಗಳು (ಸಂಜೆ 6ರಿಂದ 9): ನ. 14, 21, 28, ಮೂರೂ ಶನಿವಾರ.
>
> ವಧು: ಎರಡೂ ಕೈ ಮೊಣಕೈವರೆಗೆ, ಎರಡೂ ಬದಿ, ಎರಡೂ ಪಾದ ₹6,500. ಅತಿಥಿಗಳು: 3 ಗಂಟೆ, 15ರವರೆಗೆ ₹2,500, ಒಂದು ಕೈಯ ಒಂದು ಬದಿಯನ್ನು ಒಂದು ಎಂದು ಎಣಿಸಲಾಗುತ್ತದೆ. 9ರ ನಂತರ ಪ್ರತಿ ಅರ್ಧ ಗಂಟೆಗೆ ₹500, ರಾತ್ರಿ 10ರವರೆಗೆ ಮಾತ್ರ.
>
> ಪ್ರಯಾಣ ವೆಚ್ಚ, ಪ್ರತಿ ಭೇಟಿಗೆ, ಹೋಗಿಬರುವುದು ಮತ್ತು ಟೋಲ್ ಸೇರಿ: ಉಡುಪಿ, ಮಣಿಪಾಲ, ಮಲ್ಪೆ ಇಲ್ಲ. ಬ್ರಹ್ಮಾವರ, ಕಾಪು ₹350. ಪಡುಬಿದ್ರಿ, ಕಾರ್ಕಳ, ಕೋಟೇಶ್ವರ, ಕುಂದಾಪುರ ₹900. ಸುರತ್ಕಲ್, ಮಂಗಳೂರು ₹1,500. ಪೇಟೆಯಿಂದ 5 ಕಿಲೋಮೀಟರಿಗಿಂತ ದೂರವಿದ್ದರೆ ಲೊಕೇಶನ್ ನೋಡಿ ತಿಳಿಸುತ್ತೇನೆ. ನೀವು ವಾಹನ ಕಳುಹಿಸಿದರೆ ವೆಚ್ಚವಿಲ್ಲ, ಮರಳಿ ಮನೆಗೆ ಬಿಡುವ ವ್ಯವಸ್ಥೆಯೂ ನಿಮ್ಮದು.
>
> ಮುಂಗಡ: ವಧು ₹2,000, ಅತಿಥಿಗಳು ₹1,000. ಹಣ ಖಾತೆಗೆ ಬಂದ ಮೇಲೆ ದಿನ ಖಚಿತ. ವಿಚಾರಿಸಿದ ದಿನವನ್ನು 24 ಗಂಟೆ ಕಾದಿರಿಸುತ್ತೇನೆ. ಬಾಕಿ ಹಣ ಮದರಂಗಿ ಆರಂಭಿಸುವ ಮೊದಲು.
>
> ರದ್ದಾದರೆ: 30 ದಿನ ಮೊದಲು ತಿಳಿಸಿದರೆ ಮುಂಗಡದ ಅರ್ಧ ಮರಳಿ, ಆಮೇಲೆ ಮರಳಿಸಲಾಗದು. ಸೂತಕ ಮೊದಲಾದ ಕಾರಣಕ್ಕೆ ದಿನ ಬದಲಾದರೆ ಒಂದು ಸಲ ಅದೇ ಮುಂಗಡ ಸಾಕು. ಹೊಸ ದಿನ ನನ್ನಲ್ಲಿ ಖಾಲಿ ಇಲ್ಲದಿದ್ದರೆ ಪೂರ್ತಿ ಮರಳಿ. ನಾನು ಬರಲಾಗದಿದ್ದರೆ ಪೂರ್ತಿ ಮರಳಿ.
>
> ಬುಕಿಂಗ್‌ಗೆ ಪ್ರೊಫೈಲ್‌ನ ವಾಟ್ಸಾಪ್ ಲಿಂಕ್‌ನಲ್ಲಿ ಕಳುಹಿಸಿ: ಮದುವೆಯ ದಿನ, ಮದರಂಗಿಯ ದಿನ, ಮನೆಯ ಲೊಕೇಶನ್, ಅತಿಥಿಗಳ ಕೈಗಳ ಸಂಖ್ಯೆ.

ಇದರ ಮೊದಲ ಸಾಲು 120 ಅಕ್ಷರಗಳ ಒಳಗೆ ನಿಲ್ಲುತ್ತದೆ, ಇಡೀ ಕ್ಯಾಪ್ಷನ್ ಮಿತಿಯೊಳಗೆ ಇದೆ. ಕ್ಯಾಪ್ಷನ್‌ನಲ್ಲಿ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಆದ್ದರಿಂದ ವಾಟ್ಸಾಪ್ ಲಿಂಕ್ ಪ್ರೊಫೈಲ್‌ನಲ್ಲೇ ಇರಬೇಕು. ಕೊನೆಯ ಸಾಲಿನಲ್ಲಿ ಮದುವೆಯ ದಿನ ಮತ್ತು ಮದರಂಗಿಯ ದಿನ ಎರಡನ್ನೂ ಕೇಳಿರುವುದನ್ನು ಗಮನಿಸಿ. ಎರಡನ್ನೂ ಬರೆಯಬೇಕಾದಾಗ ಮನೆಯವರೇ ತಮ್ಮ ಲೆಕ್ಕವನ್ನು ಒಮ್ಮೆ ಸರಿನೋಡುತ್ತಾರೆ.

## ಹಂತ 6: ಒಂದು ಬುಕಿಂಗ್ ಅನ್ನು ಕಾಗದದ ಮೇಲೆ ನಡೆಸಿ ನೋಡಿ

ಪೋಸ್ಟ್ ಹಾಕುವ ಮೊದಲು ಒಂದು ಕಲ್ಪಿತ ಬುಕಿಂಗ್ ಅನ್ನು ಕ್ಯಾಪ್ಷನ್‌ನ ಮಾತುಗಳಿಂದಲೇ ಲೆಕ್ಕ ಹಾಕಿ. ಕೋಟೇಶ್ವರದ ಮನೆ, ಮದುವೆ ನವೆಂಬರ್ 15, ಭಾನುವಾರ. ವಧುವಿಗೆ ಎರಡು ದಿನ ಮೊದಲು ಎಂದರೆ 13, ಶುಕ್ರವಾರ, ಅದು ಖಾಲಿ ಇದೆ. ಕಾರ್ಯಕ್ರಮ 14ರ ಸಂಜೆ, ಅದೂ ಇದೆ. ವಧುವಿನ ಕೆಲಸ ₹6,500, ಅತಿಥಿಗಳದು ₹2,500, ಪ್ರಯಾಣ ಎರಡು ಭೇಟಿಗೆ ₹1,800. ಒಟ್ಟು ₹10,800. ಮುಂಗಡ ಎರಡೂ ಸ್ಲಾಟ್‌ಗೆ ಸೇರಿ ₹3,000, ಬಾಕಿ ₹7,800.

ಇಲ್ಲಿ ಒಂದು ಬಿರುಕು ಕಾಣುತ್ತದೆ. ಬಾಕಿ ಹಣ ಆರಂಭಿಸುವ ಮೊದಲು ಎಂದು ಬರೆದಿದ್ದೇವೆ, ಆದರೆ ಭೇಟಿ ಎರಡು. ಶುಕ್ರವಾರ ಎಷ್ಟು, ಶನಿವಾರ ಎಷ್ಟು? ಆಯಾ ಸ್ಲಾಟ್‌ನ ಬಾಕಿಯನ್ನು ಆಯಾ ದಿನ ಪಡೆಯುವುದು ಸರಳ: ಶುಕ್ರವಾರ ₹4,500 ಮತ್ತು ಪ್ರಯಾಣ ₹900 ಸೇರಿ ₹5,400, ಶನಿವಾರ ₹1,500 ಮತ್ತು ₹900 ಸೇರಿ ₹2,400. ಎರಡೂ ಸೇರಿದರೆ ₹7,800 ತಾಳೆಯಾಗುತ್ತದೆ. ಹಾಗಾದರೆ ಕ್ಯಾಪ್ಷನ್‌ನ ಆ ಸಾಲನ್ನು "ಆಯಾ ದಿನದ ಬಾಕಿ ಮದರಂಗಿ ಆರಂಭಿಸುವ ಮೊದಲು" ಎಂದು ತಿದ್ದಬೇಕು. ಇಂಥ ಬಿರುಕು ಸುಮ್ಮನೆ ಓದಿದರೆ ಕಾಣುವುದಿಲ್ಲ, ಮೊತ್ತ ಕೂಡಿಸುವಾಗ ಮಾತ್ರ ಕಾಣುತ್ತದೆ.

ಈ ಲೆಕ್ಕವನ್ನು ಮನೆಯವರಿಗೂ ಒಂದೇ ಸಂದೇಶದಲ್ಲಿ ಕಳುಹಿಸಿ, "ಸರಿ ಇದೆ" ಎಂಬ ಉತ್ತರ ಬಂದ ಮೇಲೆ ಮುಂಗಡ ಪಡೆಯಿರಿ. ಕ್ಯಾಪ್ಷನ್ ಎಲ್ಲರಿಗಾಗಿ ಬರೆದದ್ದು, ಮುಂದೆ ಅದನ್ನು ನೀವೇ ತಿದ್ದಬಹುದು. ಅವರೊಂದಿಗೆ ಆದ ಒಪ್ಪಂದಕ್ಕೆ ದಾಖಲೆಯಾಗಿ ಉಳಿಯುವುದು ಈ ಸಂದೇಶ.

## ಹಂತ 7: ಹಾಕಿದ ಮೇಲೆ ತಿದ್ದುತ್ತಿರಿ

ಪ್ರಕಟವಾದ ಪೋಸ್ಟ್‌ನ ಚಿತ್ರವನ್ನು ಬದಲಾಯಿಸಲಾಗುವುದಿಲ್ಲ, ಕ್ಯಾಪ್ಷನ್ ಅನ್ನು ಎಷ್ಟು ಸಲವಾದರೂ ತಿದ್ದಬಹುದು. ಆದ್ದರಿಂದ ಚಿತ್ರದಲ್ಲಿ ತಿಂಗಳ ಹೆಸರು, ನಿಮ್ಮ ವಿನ್ಯಾಸ ಮತ್ತು "ಖಾಲಿ ದಿನಗಳಿಗೆ ಕೆಳಗೆ ಓದಿ" ಎಂಬ ಸಾಲು ಸಾಕು. ಹಸಿರು, ಕೆಂಪು ಗುರುತು ಹಾಕಿದ ಕ್ಯಾಲೆಂಡರ್ ಚಿತ್ರ ಮೊದಲ ಬುಕಿಂಗ್ ಆದ ಕೂಡಲೇ ಸುಳ್ಳಾಗುತ್ತದೆ. ಅಂಥ ಚಿತ್ರವನ್ನು 24 ಗಂಟೆಯಲ್ಲಿ ಮಾಯವಾಗುವ ಸ್ಟೋರಿಗೆ ಅಥವಾ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ.

ಒಂದು ದಿನ ಖಚಿತವಾದಾಗ ಆ ದಿನವನ್ನು ಅಳಿಸಿ, ಮೊದಲ ಸಾಲಿನ ಸಂಖ್ಯೆಯನ್ನೂ ಇಳಿಸಿ. ಎರಡನೆಯದು ಮರೆತುಹೋಗುವುದು ಸಾಮಾನ್ಯ, ಆಗ ಮೇಲೆ ನಾಲ್ಕು ದಿನ ಎಂದೂ ಕೆಳಗೆ ಮೂರು ಎಂದೂ ಉಳಿಯುತ್ತದೆ. ದರವನ್ನು ಮಾತ್ರ ತಿಂಗಳ ನಡುವೆ ತಿದ್ದಬೇಡಿ. ಮೊದಲ ವಾರ ಓದಿದವರು ಎರಡನೆಯ ವಾರ ಹಣ ಕಳುಹಿಸುವಾಗ ಬೇರೆ ಮೊತ್ತ ಕಂಡರೆ ನಂಬಿಕೆ ಹೋಗುತ್ತದೆ.

## ಕ್ಯಾಪ್ಷನ್ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆಗಳು

ಬರುವ ಪ್ರಶ್ನೆಗಳನ್ನು ಗಮನಿಸಿದರೆ ದೋಷ ಎಲ್ಲಿದೆ ಎಂದು ತಿಳಿಯುತ್ತದೆ. "ನಮ್ಮ ಊರಿಗೆ ಎಷ್ಟು?" ಎಂದು ಒಂದೇ ಊರಿನ ಹಲವರು ಕೇಳುತ್ತಿದ್ದರೆ ಆ ಊರಿನ ಹೆಸರನ್ನು ವಲಯಕ್ಕೆ ಸೇರಿಸಿ. ಉಡುಪಿಯ ಕಲಾವಿದೆಗೆ ಹೆಬ್ರಿ, ಶಿರ್ವ, ಬೈಂದೂರು ಹೀಗೆ ಒಂದೊಂದಾಗಿ ಸೇರುತ್ತಾ ಹೋಗುವುದು ಸಹಜ. ಎಲ್ಲರೂ ಕೇಳುವುದು ಮದುವೆಯ ದಿನವನ್ನೇ ಆಗಿದ್ದರೆ ನಿಮ್ಮ ಎರಡನೆಯ ವಾಕ್ಯ 125 ಅಕ್ಷರಗಳ ಆಚೆಗೆ ಸರಿದುಹೋಗಿದೆ. ಇನ್ನೊಬ್ಬರ ಫೋನಿನಲ್ಲಿ ಪೋಸ್ಟ್ ತೆರೆದು, ಒತ್ತದೆ ಎಷ್ಟು ಕಾಣುತ್ತದೆ ಎಂದು ನೋಡಿ.

ಒಂದೇ ದಿನಕ್ಕೆ ಇಬ್ಬರು ಹಣ ಕಳುಹಿಸಿದರೆ ಕಾದಿರಿಸುವ 24 ಗಂಟೆಯ ನಿಯಮವನ್ನು ನೀವೇ ಪಾಲಿಸಿಲ್ಲ ಎಂದರ್ಥ. ಕಾದಿರಿಸಿದ ದಿನದ ಮುಂದೆ ಕ್ಯಾಪ್ಷನ್‌ನಲ್ಲೇ "ಕಾದಿರಿಸಿದೆ" ಎಂದು ಬರೆಯಿರಿ, ಗಡುವು ಮುಗಿದರೆ ಮೊದಲಿನವರಿಗೆ ಒಂದು ಸಂದೇಶ ಕಳುಹಿಸಿ, ಉತ್ತರ ಬಾರದಿದ್ದರೆ ಆ ಪದವನ್ನು ಅಳಿಸಿ. ಹಣ ಕಳುಹಿಸಲು ನಿಮ್ಮ ಪಿನ್ ಬೇಕು, ಅಥವಾ ತಪ್ಪಿ ಹೆಚ್ಚು ಕಳುಹಿಸಿದ್ದೇವೆ, ಉಳಿದದ್ದನ್ನು ಕೂಡಲೇ ಮರಳಿಸಿ ಎಂದು ಅವಸರಿಸುವವರು ಬುಕಿಂಗ್‌ಗೆ ಬಂದವರಲ್ಲ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಅಂಥವರಿಗೆ ಉತ್ತರ ಕೊಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಶಿಲ್ಕು ನೋಡಿ, ಹಣ ಬಂದಿರದಿದ್ದರೆ ಆ ಸಂಖ್ಯೆಯನ್ನು ಬ್ಲಾಕ್ ಮಾಡಿ ದಿನವನ್ನು ಮತ್ತೆ ಖಾಲಿ ಪಟ್ಟಿಗೆ ಸೇರಿಸಿ.